ಮೂವರು ಓಟು ಹಾಕಿದರೆ ತೀರ್ಮಾನ ಯಾಕೆ ಗಿರಕಿ ಹೊಡೆಯುತ್ತದೆ?

ಪ್ರಶ್ನೆ: ಬೆಂಗಳೂರಲ್ಲಿ ನಾವು ಮೂರು ಜನ ಫ್ರೆಂಡ್ಸ್ ಒಂದೇ ಮನೆಯಲ್ಲಿದ್ದೀವಿ. ಟ್ರಿಪ್‌ಗೆ ಎಲ್ಲಿಗೆ ಅಂತ ಎರಡೆರಡು ಊರು ಇಟ್ಟು ಓಟು ಹಾಕಿದೆವು. ಹಂಪಿ ಗೋಕರ್ಣವನ್ನು ಸೋಲಿಸಿತು, ಗೋಕರ್ಣ ಚಿಕ್ಕಮಗಳೂರನ್ನು ಸೋಲಿಸಿತು, ಆದರೆ ಚಿಕ್ಕಮಗಳೂರು ಹಂಪಿಯನ್ನೇ ಸೋಲಿಸಿತು! ಎಲ್ಲಾ 2–1. ಯಾರಾದ್ರೂ ಆಟ ಆಡ್ತಿದ್ದಾರಾ? ಮೂವರಲ್ಲಿ ಮಧ್ಯದವರು ಹೇಳಿದ್ದೇ ನಡೆಯುತ್ತೆ ಅಂತಾರಲ್ಲ, ನಮ್ಮಲ್ಲಿ ಮಧ್ಯದವರು ಯಾರು? (ನನಗೆ ಹಂಪಿ ಮೊದಲು, ಆಮೇಲೆ ಗೋಕರ್ಣ.)

ಉತ್ತರ:

ಯಾರೂ ಆಟ ಆಡುತ್ತಿಲ್ಲ. ಮೂವರೂ ಪ್ರಾಮಾಣಿಕವಾಗಿ ಓಟು ಹಾಕಿದರೂ ಹೀಗಾಗುತ್ತದೆ.

ನಿಮ್ಮ ಫಲಿತಾಂಶ ನೋಡಿದರೆ ಉಳಿದ ಇಬ್ಬರ ಮನಸ್ಸಿನಲ್ಲಿರುವುದು ಗೊತ್ತಾಗಿಬಿಡುತ್ತದೆ. ನಿಮ್ಮದು ಹಂಪಿ, ಗೋಕರ್ಣ, ಚಿಕ್ಕಮಗಳೂರು. ಇನ್ನೊಬ್ಬರದು ಗೋಕರ್ಣ, ಚಿಕ್ಕಮಗಳೂರು, ಹಂಪಿ. ಮೂರನೆಯವರದು ಚಿಕ್ಕಮಗಳೂರು, ಹಂಪಿ, ಗೋಕರ್ಣ. ಬೇರೆ ಯಾವ ಪಟ್ಟಿಗಳಿಂದಲೂ ನೀವು ಹೇಳಿದ ಮೂರು ಫಲಿತಾಂಶ ಒಟ್ಟಿಗೆ ಬರುವುದಿಲ್ಲ. ಒಬ್ಬೊಬ್ಬರ ಪಟ್ಟಿ ನೆಟ್ಟಗಿದೆ, ಮೂರನ್ನೂ ಸೇರಿಸಿದಾಗ ಮಾತ್ರ ಗಿರಕಿ. ಇದನ್ನು 1785ರಲ್ಲೇ ಫ್ರಾನ್ಸಿನ ಕಾಂಡೋರ್ಸೆ ಬರೆದಿಟ್ಟಿದ್ದ. ಮೂರು ಊರನ್ನು ಒಬ್ಬರು 6 ರೀತಿಯಲ್ಲಿ ಜೋಡಿಸಬಹುದು, ಮೂವರು ಸೇರಿದರೆ 216 ರೀತಿ. ಅದರಲ್ಲಿ 12 ಸಲ ಮಾತ್ರ ಹೀಗೆ ಸುತ್ತು ಬೀಳುತ್ತದೆ. ಅಂದರೆ 18ರಲ್ಲಿ ಒಂದು. ನಿಮ್ಮ ಪಾಲಿಗೆ ಅದೇ ಬಂದಿದೆ.

ಇಲ್ಲಿ ಒಂದು ಎಚ್ಚರಿಕೆ. ಸುತ್ತು ಇರುವಾಗ ಯಾವ ಜೋಡಿಯನ್ನು ಮೊದಲು ಇಡುತ್ತೀರಿ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮೊದಲು ಹಂಪಿ–ಗೋಕರ್ಣ ಇಟ್ಟರೆ ಹಂಪಿ ಗೆಲ್ಲುತ್ತದೆ, ಆಮೇಲೆ ಬಂದ ಚಿಕ್ಕಮಗಳೂರು ಹಂಪಿಯನ್ನು ಹೊಡೆಯುತ್ತದೆ, ಕಥೆ ಮುಗಿಯಿತು. ಯಾವ ಊರು ಕೊನೆಗೆ ಬರುತ್ತದೋ ಅದೇ ಗೆಲ್ಲುವುದು. ಹಾಗಾಗಿ ಓಟಿಗೆ ಇಡುವ ಸರದಿಯನ್ನು ಒಬ್ಬರ ಕೈಗೆ ಕೊಟ್ಟರೆ ಟ್ರಿಪ್ಪನ್ನೇ ಅವರ ಕೈಗೆ ಕೊಟ್ಟ ಹಾಗೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ನಮ್ಮ ಮನೆ ತಾರಸಿಯ ಕಥೆ ಹೇಳುತ್ತೇನೆ, ಯಾಕಂದ್ರೆ ನನಗೂ ಇದು ಅರ್ಥವಾಗಿದ್ದು ಅಲ್ಲೇ.

ನಮ್ಮದು ಮೂರು ಅಂತಸ್ತಿನ ಕಟ್ಟಡ, ಅಂತಸ್ತಿಗೊಂದು ಮನೆ, ಖರ್ಚು ಸಮಪಾಲು. ಮಳೆ ಬಂದರೆ ತಾರಸಿ ಸೋರುತ್ತಿತ್ತು. ಮುಂದೆ ಇದ್ದದ್ದು ಮೂರು ದಾರಿ: ಸದ್ಯಕ್ಕೆ ಏನೂ ಮಾಡದೆ ಬಿಡುವುದು, 30 ಸಾವಿರಕ್ಕೆ ಬಿರುಕುಗಳಿಗೆ ತೇಪೆ ಹಾಕಿಸುವುದು, ಅಥವಾ ಒಂದೂವರೆ ಲಕ್ಷಕ್ಕೆ ಹಳೆಯ ಪದರ ಕಿತ್ತು ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸುವುದು. ಕೆಳಗಿನ ಮನೆಯವರಿಗೆ ಸೋರಿಕೆಯ ಬಿಸಿ ತಟ್ಟಿರಲಿಲ್ಲ, ಖರ್ಚು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಮಧ್ಯದ ಮನೆ ನಮ್ಮದು, ಮೆಟ್ಟಿಲ ಕಡೆಯ ಗೋಡೆ ಒದ್ದೆಯಾಗುತ್ತಿತ್ತು, ತೇಪೆ ಸಾಕು ಅನಿಸಿತ್ತು, ಅದಾಗದಿದ್ದರೆ ಪೂರ್ತಿ ಕೆಲಸವಾದರೂ ಆಗಲಿ. ಮೇಲಿನ ಮನೆಯವರಿಗೆ ಪೂರ್ತಿ ಕೆಲಸವೇ ಬೇಕು.

ಇದು ಊರುಗಳ ಹಾಗಲ್ಲ, ನೋಡಿ. ಮೂರು ಆಯ್ಕೆಯೂ ದುಡ್ಡಿನ ಒಂದೇ ಗೆರೆಯ ಮೇಲೆ ಕೂರುತ್ತವೆ. ಪ್ರತಿಯೊಬ್ಬರಿಗೂ ಆ ಗೆರೆಯ ಮೇಲೆ ತಮಗೆ ಹಿಡಿಸುವ ಒಂದು ಜಾಗ ಇದ್ದು, ಅಲ್ಲಿಂದ ಯಾವ ಕಡೆಗೆ ದೂರ ಹೋದಷ್ಟೂ ಇಷ್ಟ ಕಮ್ಮಿಯಾಗುತ್ತಾ ಹೋದರೆ, ಅದನ್ನು ಒಂದೇ ಶಿಖರದ ಇಷ್ಟ ಅನ್ನಬಹುದು. ಬೆಟ್ಟದ ತುದಿ ಒಂದೇ, ಎರಡೂ ಕಡೆ ಇಳಿಜಾರು. ಎಲ್ಲರದ್ದೂ ಹೀಗಿದ್ದರೆ ಗಿರಕಿ ಬರುವುದೇ ಇಲ್ಲ. ನಮ್ಮ 30 ಸಾವಿರಕ್ಕಿಂತ ಕಮ್ಮಿ ಮಾಡೋಣ ಅಂದರೆ ನಾವೂ ಮೇಲಿನವರೂ ಬೇಡ ಅನ್ನುತ್ತೇವೆ. ಜಾಸ್ತಿ ಮಾಡೋಣ ಅಂದರೆ ನಾವೂ ಕೆಳಗಿನವರೂ ಬೇಡ ಅನ್ನುತ್ತೇವೆ. ಯಾವ ಕಡೆ ಎಳೆದರೂ ಮಧ್ಯದವರ ಜೊತೆ ಒಬ್ಬರು ನಿಂತೇ ನಿಲ್ಲುತ್ತಾರೆ, ಅಲ್ವಾ? ಮಧ್ಯದವರ ಮಾತು ನಡೆಯುವುದು ಇಷ್ಟಕ್ಕೇ. ಇದನ್ನು 1948ರಲ್ಲಿ ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್ ತೋರಿಸಿಕೊಟ್ಟರು.

ಮಧ್ಯ ಅಂದರೆ ಸರಾಸರಿ ಅಲ್ಲ. ಸೊನ್ನೆ, 30 ಸಾವಿರ, ಒಂದೂವರೆ ಲಕ್ಷದ ಸರಾಸರಿ 60 ಸಾವಿರ. ಮೇಲಿನವರು ಬೇಕೆಂದೇ ಮೂರು ಲಕ್ಷ ಅಂದುಬಿಟ್ಟರೆ ಸರಾಸರಿ 1 ಲಕ್ಷ 10 ಸಾವಿರಕ್ಕೆ ಜಿಗಿಯುತ್ತದೆ. ಓಟಿನಲ್ಲಿ ಮಾತ್ರ ಮಧ್ಯದ ಜಾಗ 30 ಸಾವಿರದಲ್ಲೇ ಇರುತ್ತದೆ, ಎಷ್ಟೇ ಏರಿಸಿ ಹೇಳಿದರೂ ಲಾಭವಿಲ್ಲ. ಇದು ಒಳ್ಳೆಯ ಗುಣ. ಆದರೆ ಇದರಲ್ಲೇ ಒಂದು ನೋವೂ ಇದೆ. ಮೇಲಿನವರು ರಾತ್ರಿ ಹಾಸಿಗೆ ಪಕ್ಕ ಬಕೆಟ್ ಇಟ್ಟು ಮಲಗುತ್ತಿದ್ದರು, ಅದು ಓಟಿನ ಲೆಕ್ಕಕ್ಕೆ ಬರುವುದಿಲ್ಲ. ಯಾರಿಗೆ ಎಷ್ಟು ಕಷ್ಟ ಅಂತ ಓಟು ಅಳೆಯುವುದಿಲ್ಲ.

ಸರಿ, ಹಾಗಾದರೆ ನಮ್ಮಲ್ಲಿ ತೇಪೆ ಸುಲಭವಾಗಿ ಗೆದ್ದಿತಾ? ಇಲ್ಲ. ಮೊದಲ ಸಲ ನಮಗೂ ಗಿರಕಿಯೇ ಬಂತು. ಮೇಲಿನವರು ಹಿಂದೆ ಎರಡು ಸಲ ತೇಪೆ ಹಾಕಿಸಿ ಸೋತಿದ್ದರು. "ತೇಪೆ ಹಾಕಿಸಿದರೆ ಕೆಲಸ ಆಯ್ತಲ್ಲ ಅಂತ ನೀವೆಲ್ಲ ಮೂರು ವರ್ಷ ಸುಮ್ನೆ ಕೂತುಬಿಡ್ತೀರಿ. ಅದಕ್ಕಿಂತ ಏನೂ ಬೇಡ, ಸೋರಲಿ, ಆಗಲಾದ್ರೂ ಪೂರ್ತಿ ಕೆಲಸ ಆಗುತ್ತೆ" ಅಂದರು. ಅಂದರೆ ಅವರ ಪಟ್ಟಿ ಒಂದೂವರೆ ಲಕ್ಷ, ಸೊನ್ನೆ, 30 ಸಾವಿರ. ಗೆರೆಯ ಎರಡು ತುದಿಯಲ್ಲೂ ಎತ್ತರ, ನಡುವೆ ಹಳ್ಳ. ಈಗ ಲೆಕ್ಕ ಹಾಕಿ: ಏನೂ ಬೇಡ ಅನ್ನುವುದು ತೇಪೆಯನ್ನು ಸೋಲಿಸುತ್ತದೆ, ತೇಪೆ ಪೂರ್ತಿ ಕೆಲಸವನ್ನು, ಪೂರ್ತಿ ಕೆಲಸ ಏನೂ ಬೇಡ ಅನ್ನುವುದನ್ನು. ಒಬ್ಬರ ಪಟ್ಟಿಯ ಕೆಳಗಿನ ಎರಡು ಜಾಗ ಅದಲುಬದಲಾಗಿದ್ದಕ್ಕೆ ಇಷ್ಟೆಲ್ಲ.

ಅದನ್ನು ಬಿಡಿಸಿದ್ದು ಓಟಲ್ಲ, ಮಾತು. ತೇಪೆ ಹಾಕಿಸಿ, ಮೊದಲ ದೊಡ್ಡ ಮಳೆಗೆ ಸೋರಿದರೆ ಆ ಬೇಸಿಗೆಯಲ್ಲೇ ಪೂರ್ತಿ ಕೆಲಸ ಅಂತ ಮೂರೂ ಮನೆಯವರು ಬರೆದು ಸಹಿ ಮಾಡಿದೆವು. ಅವರಿಗಿದ್ದ ಭಯ ಹೋಯಿತು, ತೇಪೆ ಅವರ ಪಟ್ಟಿಯಲ್ಲಿ ಎರಡನೇ ಜಾಗಕ್ಕೆ ಬಂತು, ಮರುದಿನದ ಓಟಿನಲ್ಲಿ ಎರಡು ಕಡೆಯಿಂದಲೂ ಗೆದ್ದಿತು.

ನಿಮ್ಮಲ್ಲಿ ಮಧ್ಯದವರು ಇದ್ದಾರಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಮೂರು ಆಯ್ಕೆಯಲ್ಲಿ ಯಾರೂ ಕೊನೆಗೆ ಇಡದ ಒಂದು ಇದೆಯಾ ಹುಡುಕಿ. ಇದ್ದರೆ ಅದನ್ನು ನಡುವೆ ಇಟ್ಟು ಗೆರೆ ಎಳೆಯಬಹುದು, ಸುತ್ತು ಬರುವುದಿಲ್ಲ. ನಿಮ್ಮಲ್ಲಿ ಚಿಕ್ಕಮಗಳೂರನ್ನು ನೀವು, ಹಂಪಿಯನ್ನು ಗೋಕರ್ಣದವರು, ಗೋಕರ್ಣವನ್ನು ಮೂರನೆಯವರು ಕೊನೆಗೆ ಇಟ್ಟಿದ್ದೀರಿ. ಮೂರೂ ಯಾರಿಗಾದರೂ ಕೊನೆಯದೇ. ಅದಕ್ಕೇ ಸದ್ಯಕ್ಕೆ ನಿಮ್ಮಲ್ಲಿ ಮಧ್ಯದವರು ಅಂತ ಯಾರೂ ಇಲ್ಲ.

ಆದರೆ ಬೆಂಗಳೂರಿನಿಂದ ದೂರದ ಗೆರೆ ಎಳೆದು ನೋಡಿ. ಚಿಕ್ಕಮಗಳೂರು ಸುಮಾರು 250 ಕಿ.ಮೀ., ಹಂಪಿ 340, ಗೋಕರ್ಣ 480ರ ಹತ್ತಿರ. ನಡುವೆ ಬರುವುದು ಹಂಪಿ, ಅದನ್ನು ಕೊನೆಗೆ ತಳ್ಳಿರುವುದು ಗೋಕರ್ಣದವರು ಮಾತ್ರ. ಅವರನ್ನು ಕೂರಿಸಿಕೊಂಡು ಹಂಪಿ ಯಾಕೆ ಬೇಡ ಅಂತ ಕೇಳಿ. ಬಿಸಿಲಿಗೆ ಹೆದರಿದ್ದರೆ ಡಿಸೆಂಬರಿಗೆ ಹಾಕಿಕೊಳ್ಳಿ. ಅವರ ಪಟ್ಟಿ ಗೋಕರ್ಣ, ಹಂಪಿ, ಚಿಕ್ಕಮಗಳೂರು ಅಂತಾದರೆ ಹಂಪಿ ಎರಡನ್ನೂ 2–1ರಲ್ಲಿ ಸೋಲಿಸುತ್ತದೆ, ಮಧ್ಯದವರು ನೀವೇ ಆಗುತ್ತೀರಿ. ಅವರು ಬಿಲ್ಕುಲ್ ಒಪ್ಪದಿದ್ದರೆ ಮತ್ತೆ ಓಟು ಹಾಕಬೇಡಿ, ಚೀಟಿ ಎತ್ತಿ.