ಸಹಿ ಹಾಕುವ ಮೊದಲು ಹಾಸಿಗೆ ಎತ್ತಿ ನೋಡು

"ಅಕ್ಕ, ನಾನು ತುಮಕೂರಿನವಳು, ಶೆಟ್ಟಿಹಳ್ಳಿ ಕಡೆ. ನರ್ಸ್ ಕೆಲಸಕ್ಕೆ ಇಂಗ್ಲೆಂಡಿನ ರೀಡಿಂಗ್‌ಗೆ ಬಂದು ನಾಲ್ಕು ದಿನ ಆಯ್ತು. ಫರ್ನಿಶ್ಡ್ ಫ್ಲಾಟ್ ಸಿಕ್ಕಿದೆ. ಏಜೆಂಟ್ 22 ಪುಟದ ಇನ್ವೆಂಟರಿ ಕಳಿಸಿ, ಏಳು ದಿನದೊಳಗೆ ಸಹಿ ಹಾಕಿ ಕಳಿಸಿ ಅಂದಿದ್ದಾರೆ. ಮಂಚ, ಸೋಫಾ, ಫ್ರಿಜ್, ಚಮಚದ ಲೆಕ್ಕ ಕೂಡ ಇದೆ. ಎಲ್ಲದರ ಮುಂದೆಯೂ 'ಗುಡ್' ಅಂತಿದೆ. ಸುಮ್ನೆ ಸಹಿ ಹಾಕಿಬಿಡಲಾ?"

ಬೇಡ ತಂಗಿ, ಇವತ್ತು ಹಾಕಬೇಡ. ನಮ್ಮದೂ ತುಮಕೂರೇ, ಬಟವಾಡಿ. ನಮ್ಮೂರಿನ ಹುಡುಗಿ ಅಂತ ಸಲಿಗೆಯಿಂದ ನೀನು ಅಂತಲೇ ಬರೆಯುತ್ತಿದ್ದೇನೆ. ನಾನು ಬಂದ ಹೊಸದರಲ್ಲಿ ಅಂಥದ್ದೇ ಕಾಗದಕ್ಕೆ ಒಂದೇ ನಿಮಿಷದಲ್ಲಿ ಸಹಿ ಹಾಕಿದ್ದೆ. ಅದರಿಂದ ಏನಾಯಿತು ಅನ್ನೋದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಕಡೆ ಮನೆ ಬಾಡಿಗೆಗೆ ಕೊಡೋದು ಹೇಗೆ ಅಂತ ನಿನಗೆ ಗೊತ್ತು. ಅಡ್ವಾನ್ಸ್ ಕೊಡುತ್ತೇವೆ. ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು, ಒಂದು ಗೀಸರ್ ಅಂತ ಓನರ್ ಬಾಯಲ್ಲೇ ಹೇಳುತ್ತಾರೆ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಅಲ್ಲಿ ಮಾತು, ಮುಖ, ಪರಿಚಯ ನಡೆಯುತ್ತದೆ. ಇಲ್ಲಿ ಕಾಗದ ಮಾತ್ರ ನಡೆಯುತ್ತದೆ. ನೀನು ಮನೆಗೆ ಬಂದ ದಿನದ ಪಟ್ಟಿ ಒಂದು, ಬಿಡುವ ದಿನದ ಪಟ್ಟಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮೊದಲನೆಯದರಲ್ಲಿ 'ಗುಡ್' ಅಂತಿದ್ದು ಎರಡನೆಯದರಲ್ಲಿ 'ಕಲೆ ಇದೆ' ಅಂತ ಬಂದರೆ, ಆ ಕಲೆ ನಿನ್ನದು.

ನಿನ್ನ ಡಿಪಾಸಿಟ್ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವ ಹಾಗಿಲ್ಲ. 2019ರಿಂದ ಇದು ಕಾನೂನು. ತಿಂಗಳಿಗೆ 1,200 ಪೌಂಡ್ ಬಾಡಿಗೆ ಅಂದುಕೋ, ಡಿಪಾಸಿಟ್ ಸುಮಾರು 1,384 ಪೌಂಡ್ ಆಗುತ್ತದೆ. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಡಿಪಾಸಿಟ್ ಸ್ಕೀಮ್‌ಗಳಲ್ಲಿ ಒಂದರಲ್ಲಿ ನೋಂದಾಯಿಸಬೇಕು. ಯಾವುದರಲ್ಲಿ ಅಂತ ನಿನಗೆ ಬರವಣಿಗೆಯಲ್ಲಿ ತಿಳಿಸಬೇಕು. ಆ ಕಾಗದ ಬರದಿದ್ದರೆ ಕೇಳಿ ತರಿಸಿಕೋ. ಆ ದುಡ್ಡು ನಿನ್ನದೇ. ಅದರಲ್ಲಿ ಒಂದು ಪೌಂಡ್ ಹಿಡಿಯಬೇಕಾದರೂ ಯಾಕೆ ಅಂತ ಮನೆ ಮಾಲೀಕರೇ ತೋರಿಸಬೇಕು. ಅವರು ಮೊದಲು ತೋರಿಸೋದು ನೀನು ಸಹಿ ಹಾಕಿದ ಈ ಪಟ್ಟಿಯನ್ನೇ.

ಈಗ ನನ್ನ ಕಥೆ. ಮೊದಲ ಫ್ಲಾಟಿನ ಪಟ್ಟಿಯಲ್ಲಿ ಹಾಸಿಗೆ ಮುಂದೆ 'ಡಬಲ್, ಗುಡ್' ಅಂತಿತ್ತು. ಹಾಸಿಗೆಗೆ ಬಿಳಿ ಹೊದಿಕೆ ಹಾಕಿತ್ತು, ನೋಡಲು ಶುಭ್ರವಾಗಿತ್ತು. ಹೊದಿಕೆ ತೆಗೆದು ನೋಡಲಿಲ್ಲ. ಹದಿನಾಲ್ಕು ತಿಂಗಳು ಅದರ ಮೇಲೇ ಮಲಗಿದೆ. ಬಿಡುವ ದಿನ ಪಟ್ಟಿ ಮಾಡಲು ಬಂದವರು ಮೊದಲು ಮಾಡಿದ್ದೇ ಹೊದಿಕೆಯ ಮೂಲೆ ಎತ್ತಿದ್ದು. ಕಾಲಿನ ಕಡೆ ಅಂಗೈ ಅಗಲದ ಕಂದು ಕಲೆ. ಚಹಾ ಚೆಲ್ಲಿ ಒಣಗಿದ ಹಾಗೆ, ಅಂಚು ಗಾಢ, ನಡುವೆ ತೆಳು. ನಾನು ಆ ಕಲೆಯನ್ನು ಅದೇ ಮೊದಲು ನೋಡಿದ್ದು. ಹಾಗಂತ ಹೇಳಿದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು, ಕಲೆ ಅಂತ ಬರೆದುಕೊಂಡು ಹೋದರು. ಹೊಸ ಹಾಸಿಗೆಗೆ ಅಂತ 190 ಪೌಂಡ್ ಹಿಡಿದರು. ನನ್ನ ಹತ್ತಿರ ಫೋಟೋ ಇರಲಿಲ್ಲ. ಹಾಸಿಗೆ ಎಷ್ಟು ಹಳೆಯದು ಅಂತ ಕೇಳಬೇಕು ಅನ್ನೋದೂ ಗೊತ್ತಿರಲಿಲ್ಲ. ಒಪ್ಪಿಕೊಂಡೆ. ಆ ತಿಂಗಳು ಅಮ್ಮನಿಗೆ ಕಳಿಸಬೇಕಾದ ದುಡ್ಡು ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಹಗಲು ಹೊತ್ತು ಎರಡು ಗಂಟೆ ಬಿಡುವು ಮಾಡಿಕೋ. ಅಡುಗೆ ಇನ್ನೂ ಶುರು ಮಾಡಿಲ್ಲ ಅಂದರೆ ಇನ್ನೂ ಒಳ್ಳೇದು. ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ನೋಡುತ್ತಾ ಹೋಗು. ಹಾಸಿಗೆ ಹೊದಿಕೆ ತೆಗೆದು ಎರಡೂ ಬದಿ ನೋಡು. ಸೋಫಾ ಮೆತ್ತೆ ಎತ್ತಿ ಅಡಿಭಾಗ ನೋಡು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ತೆಗಿ. ಕಲೆ, ಗೀರು, ಬಿರುಕು ಕಂಡಲ್ಲೆಲ್ಲ ಎರಡು ಫೋಟೋ ತೆಗಿ. ಒಂದು ದೂರದಿಂದ, ಯಾವ ಕೋಣೆಯ ಯಾವ ವಸ್ತು ಅಂತ ಗೊತ್ತಾಗುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ನಾಣ್ಯ ಇದ್ದರೆ ಕಲೆ ಎಷ್ಟು ದೊಡ್ಡದು ಅಂತ ಯಾರೂ ವಾದ ಮಾಡುವ ಹಾಗಿಲ್ಲ.

ಯಂತ್ರಗಳ ವಿಷಯ ಬೇರೆ. ಪಟ್ಟಿಯ ಮೊದಲ ಪುಟದಲ್ಲೋ ಕೊನೆಯ ಪುಟದಲ್ಲೋ ಸಣ್ಣ ಅಕ್ಷರ ಇರುತ್ತದೆ, ಓದು. ಯಂತ್ರಗಳನ್ನು ಪರೀಕ್ಷಿಸಿಲ್ಲ, ಅಥವಾ ಪವರ್ ಬರುತ್ತದಾ ಅಂತ ಮಾತ್ರ ನೋಡಿದ್ದೇವೆ ಅಂತ ಬಹಳ ಪಟ್ಟಿಗಳಲ್ಲಿ ಬರೆದಿರುತ್ತಾರೆ. ಅಂದರೆ ಆ 'ಗುಡ್' ಹೊರಗಿನ ನೋಟಕ್ಕೆ ಮಾತ್ರ. ವಾಷಿಂಗ್ ಮೆಷಿನ್ ಒಳಗೆ ಏನೂ ಹಾಕದೆ ಚಿಕ್ಕ ಸೈಕಲ್ ಓಡಿಸು. ನೀರು ಪೂರ್ತಿ ಹೊರಗೆ ಹೋಯಿತಾ ನೋಡು. ಬಾಗಿಲಿನ ರಬ್ಬರ್ ಬಿಡಿಸಿ ನೋಡು, ಕಪ್ಪು ಬೂಷ್ಟು ಇದ್ದರೆ ಫೋಟೋ. ಒಲೆಯ ನಾಲ್ಕೂ ಉರಿ ಬಿಸಿಯಾಗುತ್ತಾ, ಓವನ್ ಹದಿನೈದು ನಿಮಿಷದಲ್ಲಿ ಕಾಯುತ್ತಾ ನೋಡು. ಫ್ರೀಜರ್‌ನ ಪ್ಲಾಸ್ಟಿಕ್ ಡ್ರಾಯರ್‌ಗಳನ್ನು ಹೊರಗೆಳೆದು ನೋಡು, ಮುಂಭಾಗ ಸೀಳಿರೋದು ಸಾಮಾನ್ಯ. ಕೆಟಲ್ ಒಳಗೆ, ಶವರ್ ತಲೆಯ ಮೇಲೆ ಬಿಳಿ ಪೊರೆ ಇರಬಹುದು. ನಮ್ಮ ಬೋರ್‌ವೆಲ್ ನೀರಿಗೆ ಬಕೆಟ್ ಬೆಳ್ಳಗಾಗುತ್ತದಲ್ಲ, ಅದೇ. ರೀಡಿಂಗ್ ಕಡೆ ನೀರೂ ಗಡಸು. ಬಂದ ದಿನವೇ ಆ ಪೊರೆ ಇದ್ದರೆ ಬರೆಸು, ಇಲ್ಲದಿದ್ದರೆ ಬಿಡುವ ಮೊದಲು ನೀನೇ ವಿನೆಗರ್ ಹಾಕಿ ತೆಗೆಯಬೇಕಾಗುತ್ತದೆ.

ಇನ್ನೊಂದು, ಪಟ್ಟಿಯಲ್ಲಿ ಸ್ಥಿತಿ ಬೇರೆ, ಶುಚಿ ಬೇರೆ. ಇದನ್ನು ತುಂಬಾ ಜನ ಗಮನಿಸೋದಿಲ್ಲ. ಚಿಮಣಿ ಕೆಲಸ ಮಾಡುತ್ತದೆ ಅನ್ನೋದು ಸ್ಥಿತಿ. ಅದರ ಜಾಲರಿಗೆ ಹಳೇ ಎಣ್ಣೆ ಜಿಡ್ಡು ಹತ್ತಿದೆ ಅನ್ನೋದು ಶುಚಿ. ನಾವು ದಿನಾ ಒಗ್ಗರಣೆ ಹಾಕುವವರು. ಬಿಡುವ ದಿನ ಜಾಲರಿ ಜಿಡ್ಡಾಗಿದ್ದರೆ ನಮ್ಮ ಅಡುಗೆಯಿಂದಲೇ ಅಂತ ಅಂದುಕೊಳ್ಳುತ್ತಾರೆ. ಜಾಲರಿ ಕಳಚಿ ಈಗಲೇ ಫೋಟೋ ತೆಗೆದಿಡು. ಬಂದಾಗ ಎಷ್ಟು ಶುಚಿ ಇತ್ತೋ ಬಿಡುವಾಗ ಅಷ್ಟೇ ಶುಚಿ ಇರಬೇಕು, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕ್ಲೀನಿಂಗ್ ಕಂಪನಿಗೆ ದುಡ್ಡು ಕೊಟ್ಟು ಮಾಡಿಸಲೇಬೇಕು ಅಂತ ಕರಾರಿನಲ್ಲಿ ಹಾಕುವಂತಿಲ್ಲ. ನೀನೇ ಉಜ್ಜಿ ತೊಳೆದರೆ ಸಾಕು.

ನೋಡಿದ್ದೆಲ್ಲ ಈಮೇಲ್‌ನಲ್ಲಿ ಕಳಿಸು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. 'ಹಾಸಿಗೆ ಚೆನ್ನಾಗಿಲ್ಲ' ಅಂತ ಬರೆಯಬೇಡ. 'ಪುಟ 9, ಸಾಲು 4, ಹಾಸಿಗೆ, ಕಾಲಿನ ಕಡೆ ಎಡಗಡೆ ಕಂದು ಕಲೆ, ಸುಮಾರು 10 ಸೆಂಟಿಮೀಟರ್, ಫೋಟೋ 12' ಅಂತ ಬರೆ. ಕೊನೆಯಲ್ಲಿ ಒಂದು ಸಾಲು ಸೇರಿಸು, ಹಾಸಿಗೆ, ಸೋಫಾ, ಕಾರ್ಪೆಟ್, ಅಡುಗೆ ಕಟ್ಟೆ ಎಷ್ಟು ವರ್ಷದ್ದು ಅಂತ ತಿಳಿಸಿ ಅಂತ. ಈ ಒಂದು ಪ್ರಶ್ನೆ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನನಗೆ ಎರಡನೇ ಫ್ಲಾಟಿನಲ್ಲಿ ಗೊತ್ತಾಯಿತು.

ಅಲ್ಲಿ ತಪ್ಪು ನನ್ನದೇ. ಬೇಳೆ ಬೇಯಿಸಿದ ಕುಕ್ಕರನ್ನು ಒಲೆಯಿಂದ ಇಳಿಸಿ ಸೀದಾ ಅಡುಗೆ ಕಟ್ಟೆ ಮೇಲೆ ಇಟ್ಟೆ. ನಮ್ಮ ಮನೆಯ ಕಟ್ಟೆ ಕಡಪ ಕಲ್ಲು, ಏನಿಟ್ಟರೂ ತಡೆಯುತ್ತದೆ. ಇಲ್ಲಿ ಬಹಳ ಮನೆಗಳಲ್ಲಿ ಅದು ಒತ್ತಿದ ಮರದ ಹಲಗೆ, ಮೇಲೆ ತೆಳುವಾದ ಲ್ಯಾಮಿನೇಟ್ ಹಾಳೆ. ಕುಕ್ಕರ್ ಎತ್ತಿದಾಗ ಬಳೆಯ ಹಾಗೆ ದುಂಡಗೆ ಉಬ್ಬಿತ್ತು. ಮಾಲೀಕರು ಕಟ್ಟೆ ಪೂರ್ತಿ ಬದಲಾಯಿಸಲು 400 ಪೌಂಡ್ ಕೇಳಿದರು. ಜೊತೆಗೆ ಸೋಫಾ ಬಣ್ಣ ಮಾಸಿದೆ ಅಂತ 80 ಪೌಂಡ್.

ಆದರೆ ಈ ಸಲ ನನ್ನ ಹತ್ತಿರ ಈಮೇಲ್ ಇತ್ತು. ನಾನು ಬಂದಾಗ ಕಟ್ಟೆ ನಾಲ್ಕು ವರ್ಷದ್ದು ಅಂತ ಏಜೆಂಟ್ ಬರೆದು ಕೊಟ್ಟಿದ್ದರು. ನಾನು ಅಲ್ಲಿ ಎರಡು ವರ್ಷ ಇದ್ದೆ. ಒಪ್ಪಿಗೆ ಆಗಲಿಲ್ಲ ಅಂತ ವಿಷಯ ಡಿಪಾಸಿಟ್ ಸ್ಕೀಮಿನ ತೀರ್ಪಿಗೆ ಹೋಯಿತು. ಅದಕ್ಕೆ ಶುಲ್ಕ ಇಲ್ಲ. ಯಾರೂ ಮನೆ ನೋಡಲು ಬರೋದಿಲ್ಲ, ಎರಡೂ ಕಡೆಯ ಕಾಗದ, ಫೋಟೋ ನೋಡಿ ತೀರ್ಮಾನಿಸುತ್ತಾರೆ. ಅಂಥ ಕಟ್ಟೆ ಹತ್ತು ವರ್ಷ ಬಾಳುತ್ತದೆ ಅಂತ ಹಿಡಿದರು. ವರ್ಷಕ್ಕೆ 40 ಪೌಂಡ್. ಆರು ವರ್ಷ ಆಗಲೇ ಬಾಳಿದೆ, ಉಳಿದದ್ದು ನಾಲ್ಕು ವರ್ಷ. ಹಾಗಾಗಿ ನಾನು ಕೊಡಬೇಕಾದ್ದು 160 ಪೌಂಡ್. ಹಳೆಯದು ಹಾಳಾದರೆ ಬಾಡಿಗೆಯವರ ದುಡ್ಡಿನಲ್ಲಿ ಹೊಸದು ಮಾಡಿಸಿಕೊಳ್ಳುವ ಹಾಗಿಲ್ಲ ಅನ್ನೋದು ಇದರ ಹಿಂದಿನ ನಿಯಮ. ಸೋಫಾಗೆ ಒಂದು ಪೈಸೆಯೂ ಸಿಗಲಿಲ್ಲ. ಕೂತು ಎದ್ದು ಬಟ್ಟೆ ಮಾಸೋದು ಸಹಜ ಸವೆತ, ಅದಕ್ಕೆ ದುಡ್ಡು ಹಿಡಿಯುವಂತಿಲ್ಲ.

ಇದೇ ಲೆಕ್ಕ ಮೊದಲ ಫ್ಲಾಟಿನ ಹಾಸಿಗೆಗೂ ಹಾಕಿಸಬಹುದಿತ್ತು. ಕಲೆ ನನ್ನದಲ್ಲ ಅಂತ ತೋರಿಸಲು ಆಗದಿದ್ದರೂ ಪೂರ್ತಿ 190 ಹೋಗುತ್ತಿರಲಿಲ್ಲ.

ಏಳು ದಿನದೊಳಗೆ ಏನೂ ಹೇಳದಿದ್ದರೆ ಒಪ್ಪಿದ ಹಾಗೆ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ, ಹಾಗಾಗಿ ಸುಮ್ಮನಿರಬೇಡ. ಡ್ಯೂಟಿ ಜಾಸ್ತಿ ಇದ್ದು ಪೂರ್ತಿ ಮುಗಿಸಲು ಆಗದಿದ್ದರೆ ನೋಡಿದಷ್ಟನ್ನು ಮೊದಲು ಕಳಿಸಿಬಿಡು, ಉಳಿದದ್ದಕ್ಕೆ ಎರಡು ದಿನ ಕೇಳು. ತಿದ್ದಿದ ಪಟ್ಟಿ ಅವರು ವಾಪಸ್ ಕಳಿಸಿದ ಮೇಲೆ, ನಿನ್ನ ಸಾಲುಗಳೆಲ್ಲ ಅದರಲ್ಲಿ ಬಂದಿವೆಯಾ ನೋಡಿ ಸಹಿ ಹಾಕು. ಅವರು ಸೇರಿಸದಿದ್ದರೆ ಸಹಿಯ ಪಕ್ಕದಲ್ಲೇ 'ಇಂಥ ತಾರೀಖಿನ ನನ್ನ ಈಮೇಲ್ ಜೊತೆ ಓದಬೇಕು' ಅಂತ ಬರೆದು ಕಳಿಸು. ಬೀಗದ ಕೈ ಎಷ್ಟು ಕೊಟ್ಟರು, ಕರೆಂಟ್ ಮತ್ತು ಗ್ಯಾಸ್ ಮೀಟರ್ ಎಷ್ಟು ತೋರಿಸುತ್ತಿದೆ, ಇವುಗಳ ಫೋಟೋವನ್ನೂ ಅದೇ ಈಮೇಲ್‌ಗೆ ಸೇರಿಸು. ಫೋಟೋ ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡ, ಊರಲ್ಲಿ ಅಣ್ಣನಿಗೋ ತಮ್ಮನಿಗೋ ಒಂದು ಪ್ರತಿ ಕಳಿಸಿಡು.

ಪಟ್ಟಿ ಓದುವಾಗ ಯಾವುದಾದರೂ ಸಾಲು ಅರ್ಥ ಆಗದಿದ್ದರೆ ಆ ಪುಟದ ಫೋಟೋ ನನಗೆ ಕಳಿಸು. ಭಾನುವಾರ ನನಗೆ ರಜೆ, ಕೂತು ನೋಡೋಣ.