ಮಗಳ ಹೂಡಿಕೆ ಖಾತೆಯ ಪತ್ರ: ಕುಸಿತದ ಲೆಕ್ಕವನ್ನೂ ಬರೆಯಿರಿ

"ಮಗಳಿಗೆ ಈಗಷ್ಟೇ 14 ತುಂಬಿತು. ಅವಳ ಹೆಸರಲ್ಲೇ ಸಣ್ಣ ಹೂಡಿಕೆ ಖಾತೆ ತೆರೆದು ತಿಂಗಳು ತಿಂಗಳು ಇಂಡೆಕ್ಸ್ ಫಂಡ್‌ಗೆ ಹಾಕೋಕೆ ಶುರು ಮಾಡಿದೀನಿ. ಯಾಕೆ ತೆರೆದೆ ಅಂತ ಅವಳಿಗೆ ಒಂದು ಪತ್ರ ಬರೀಬೇಕು. ಉಪದೇಶ ಅನ್ನಿಸಬಾರದು. ಏನು ಬರೀಲಿ?"

ಒಬ್ಬ ಪೋಷಕರ ಈ ಪ್ರಶ್ನೆಗೆ ಇಲ್ಲಿ ಆಗಲೇ ಬಂದಿರುವ ಉತ್ತರಗಳ ಬಗ್ಗೆ ಮೊದಲು ಎರಡು ಮಾತು. ಒಬ್ಬರು ಐದು ಷೇರುಗಳ ಪಟ್ಟಿ ಕೊಟ್ಟಿದ್ದಾರೆ. ನೀವು ಕೇಳಿದ್ದು ಅದಲ್ಲ, ಫಂಡ್ ಆಗಲೇ ಆರಿಸಿಯಾಗಿದೆ. ಇನ್ನೊಬ್ಬರು "ಚಕ್ರಬಡ್ಡಿಯ ಮ್ಯಾಜಿಕ್ ತೋರಿಸಿ, ಅಷ್ಟು ಸಾಕು" ಎಂದಿದ್ದಾರೆ. ನಲವತ್ತು ವರ್ಷದ ಲೆಕ್ಕಕ್ಕೆ ಆ ಮಾತು ಸರಿ. ಆದರೆ ಈ ಹುಡುಗಿ ಖಾತೆಯನ್ನು ನೋಡುವುದು ಮುಂದಿನ ನಾಲ್ಕು ವರ್ಷ, ಮತ್ತು ಅಷ್ಟರಲ್ಲಿ ಮ್ಯಾಜಿಕ್ ಏನೂ ಕಾಣುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ತಿಂಗಳ ಕೊನೆಗೆ 1,000ದಂತೆ 48 ಕಂತು, ತಿಂಗಳಿಗೆ ಅರ್ಧ ಶೇಕಡಾ ಬೆಳವಣಿಗೆ ಎಂದು ಹಿಡಿಯಿರಿ. ನಿಮ್ಮ ಕಂತು ಬೇರೆಯಾದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ:

```
=FV(0.005,48,-1000)
```

ಉತ್ತರ 54,098. ಅದರಲ್ಲಿ 48,000 ನೀವೇ ಹಾಕಿದ್ದು. ಬೆಳೆದದ್ದು 6,098. "ದುಡ್ಡು ತಾನಾಗಿ ದುಡಿಯುತ್ತೆ" ಎಂದು ಪತ್ರದಲ್ಲಿ ಬರೆದಿಟ್ಟರೆ, ಅವಳು 18ಕ್ಕೆ ಈ ಅಂಕಿ ನೋಡಿ "ಇಷ್ಟೇನಾ?" ಅನ್ನುತ್ತಾಳೆ, ಅದು ನ್ಯಾಯವೂ ಹೌದು. ಹಾಗಾಗಿ ನಾಲ್ಕು ವರ್ಷದಲ್ಲಿ ಖಾತೆಯಲ್ಲಿರುವುದು ಬಹುಪಾಲು ಹಾಕಿದ ಹಣವೇ ಎಂದು ನೀವೇ ಮೊದಲು ಹೇಳಿಬಿಡಿ.

ಹಾಗಿದ್ದರೆ ಈಗಲೇ ಯಾಕೆ ತೆರೆದಿರಿ? ನನ್ನ ಪ್ರಕಾರ ಪತ್ರದ ತಿರುಳು ಇಲ್ಲಿದೆ. ಮಾರುಕಟ್ಟೆ ವರ್ಷವಿಡೀ ಅರ್ಧರ್ಧ ಶೇಕಡಾ ನೇರವಾಗಿ ಏರುವುದಿಲ್ಲ, ನಡುವೆ ಬೀಳುತ್ತದೆ. ಶೇ 30 ಬಿತ್ತು ಎಂದುಕೊಳ್ಳಿ. ಮೊದಲ ವರ್ಷದ ಕೊನೆಗೆ ಖಾತೆಯಲ್ಲಿ 12,336 ಇರುತ್ತದೆ. ಆಗ ಬಿದ್ದರೆ ಉಳಿಯುವುದು 8,635. ಪರದೆ ಕೆಂಪಾಗುತ್ತದೆ, ಹಾಕಿದ 12,000ಕ್ಕಿಂತ ಕಡಿಮೆ ಕಾಣುತ್ತದೆ, ಹೊಟ್ಟೆ ಉರಿಯುತ್ತದೆ. ಕಂತು ನಿಲ್ಲಿಸದೆ ಮುಂದುವರಿಸಿ, ಬೆಳವಣಿಗೆ ಮತ್ತೆ ಮೊದಲಿನ ದರಕ್ಕೆ ಬಂದರೆ 48ನೇ ತಿಂಗಳಿಗೆ 49,669. ಕುಸಿತ ಇಲ್ಲದಿದ್ದರೆ ಸಿಗುತ್ತಿದ್ದುದಕ್ಕಿಂತ 4,429 ಕಡಿಮೆ, ಅಷ್ಟೇ. ಅದೇ ಶೇ 30 ಕುಸಿತ 48ನೇ ತಿಂಗಳಲ್ಲಿ ಬಂದರೆ 54,098 ಹೋಗಿ 37,868 ಆಗುತ್ತದೆ. ನಷ್ಟ 16,000ಕ್ಕೂ ಮೇಲೆ. ಮೊದಲಿನ ಜಾಗಕ್ಕೆ ಮರಳಲು ಶೇ 30 ಏರಿದರೆ ಸಾಲದು, ಸುಮಾರು ಶೇ 43 ಏರಬೇಕು, ಯಾಕೆಂದರೆ ಏರಿಕೆ ಈಗ ಚಿಕ್ಕದಾದ ಮೊತ್ತದ ಮೇಲೆ ನಡೆಯುತ್ತದೆ.

ಮೊದಲ ಕುಸಿತವನ್ನು ಖಾತೆ ಚಿಕ್ಕದಿರುವಾಗಲೇ ಕಣ್ಣಾರೆ ನೋಡಲಿ ಎಂಬುದೇ ಈ ವಯಸ್ಸಿಗೆ ತೆರೆಯಲು ಗಟ್ಟಿ ಕಾರಣ. ಇನ್ನೊಂದು ಮಾತೂ ಇದರಿಂದಲೇ ಬರುತ್ತದೆ: 18ಕ್ಕೆ ಕಾಲೇಜು ಶುಲ್ಕ ಕಟ್ಟಬೇಕಾದ ಹಣ ಈ ಖಾತೆಯಲ್ಲಿ ಇರಬಾರದು. ಅದನ್ನು ಠೇವಣಿಯಲ್ಲಿಡಿ. ಪತ್ರದಲ್ಲೂ "ಇದು ನಿನ್ನ ಶುಲ್ಕದ ಹಣವಲ್ಲ" ಎಂದು ಬರೆಯಿರಿ.

ಬರೆಯುವ ಮುಂಚೆ ಖಾತೆಯ ವಾರ್ಷಿಕ ಶುಲ್ಕ ನೋಡಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷದ ಬೆಳವಣಿಗೆ ಬರೀ 336. ವರ್ಷಕ್ಕೆ 300 ನಿಗದಿ ಶುಲ್ಕ ಇದ್ದರೆ ಅದರ ಬಹುಪಾಲು ಅಲ್ಲೇ ಹೋಯಿತು. ದೊಡ್ಡ ಖಾತೆಗೆ ಲೆಕ್ಕಕ್ಕಿಲ್ಲದ ನಿಗದಿ ಶುಲ್ಕ ಸಣ್ಣ ಖಾತೆಯನ್ನು ತಿಂದುಹಾಕುತ್ತದೆ. ಸ್ಟೇಟ್‌ಮೆಂಟಿನಲ್ಲಿ ಶುಲ್ಕದ ಸಾಲು ಹುಡುಕಿ. ಕೆಲವು ಕಡೆ ಅದು ಪ್ರತ್ಯೇಕವಾಗಿ ಕಾಣುವುದಿಲ್ಲ, ಹಾಕಿದ ಕಂತಿಗೂ ಖರೀದಿಯಾದ ಮೊತ್ತಕ್ಕೂ ಇರುವ ವ್ಯತ್ಯಾಸದಲ್ಲಿ ಸಿಗುತ್ತದೆ.

"ನನ್ನ ಮಗ 18 ತುಂಬಿದ ವಾರವೇ ಎಲ್ಲ ಮಾರಿ ಬೈಕ್ ತಗೊಂಡ" ಎಂದು ಒಬ್ಬರು ಬರೆದಿದ್ದಾರಲ್ಲ, ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಮಕ್ಕಳ ಹೆಸರಲ್ಲೇ ತೆರೆದ ಖಾತೆಯಲ್ಲಿ ಹಣ ಸಾಮಾನ್ಯವಾಗಿ ಮೊದಲ ದಿನದಿಂದಲೇ ಅವರದು, ನಾವು ಬರೀ ಪಾಲಕರು. ಪ್ರಾಪ್ತ ವಯಸ್ಸಿಗೆ ನಮ್ಮ ಸಹಿಗೆ ಬೆಲೆ ಹೋಗುತ್ತದೆ. "ದೊಡ್ಡವಳಾದಾಗ ಕೊಡ್ತೀನಿ" ಎಂದು ಪತ್ರದಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ನಡುವೆ ಮನೆಯ ಕಷ್ಟಕ್ಕೆ ಅದನ್ನು ತೆಗೆಯುವ ಯೋಚನೆ ಇದ್ದರೆ ನಿಮ್ಮ ಹೆಸರಲ್ಲೇ ತೆರೆಯಬೇಕಿತ್ತು. ಆಗ ಹಣ ನಿಮ್ಮ ಕೈಯಲ್ಲಿರುತ್ತಿತ್ತು.

ಇಷ್ಟನ್ನೆಲ್ಲ ಪತ್ರದಲ್ಲಿ ತುಂಬಬೇಡಿ. ಒಂದು ಪುಟ ದಾಟಿದರೆ ಆ ವಯಸ್ಸಿನವರು ಓದುವುದಿಲ್ಲ. ಹೀಗೆ ಶುರು ಮಾಡಬಹುದು:

"ಪುಟ್ಟಿ, ನಿನ್ನ ಹೆಸರಲ್ಲಿ ಒಂದು ಖಾತೆ ತೆರೆದಿದ್ದೇನೆ. ತಿಂಗಳಿಗೆ 1,000 ಹಾಕುತ್ತೇನೆ. ಆ ಹಣ ಈಗಲೇ ನಿನ್ನದು, ನಿನಗೆ ಪ್ರಾಯ ತುಂಬುವವರೆಗೆ ಸಹಿ ಮಾತ್ರ ನನ್ನದು. ನಾಲ್ಕು ವರ್ಷದಲ್ಲಿ ಇದು ದೊಡ್ಡ ಮೊತ್ತ ಆಗುವುದಿಲ್ಲ. ಎಷ್ಟಾಗಬಹುದು ಎಂಬ ಲೆಕ್ಕ ಕೆಳಗಿದೆ, ಅಷ್ಟಾಗುತ್ತದೆ ಎಂದು ನಾನು ಮಾತು ಕೊಡುತ್ತಿಲ್ಲ. ಒಂದು ದಿನ ನೀನು ನೋಡಿದಾಗ ಹಾಕಿದ್ದಕ್ಕಿಂತ ಕಡಿಮೆ ಕಾಣಬಹುದು. ಆ ದಿನ ನನ್ನ ಹತ್ತಿರ ಬಾ, ಇಬ್ಬರೂ ಕೂತು ನೋಡೋಣ. ಅಂಥ ಕುಸಿತ ಈಗ ಬಂದರೆ ಹೋಗುವುದು ಕೆಲವು ಸಾವಿರ. ನಿನ್ನ ಸಂಬಳ, ಸಾಲ ಎಲ್ಲ ಶುರುವಾದ ಮೇಲೆ ಮೊದಲ ಸಲ ಬಂದರೆ ಹೋಗುವುದು ತುಂಬ ಹೆಚ್ಚು. ನಿನ್ನ ಓದಿನ ಶುಲ್ಕ ಬೇರೆ ಇಟ್ಟಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅದರ ಕೆಳಗೆ ಮೂರೇ ಅಂಕಿ: ಕುಸಿತ ಇಲ್ಲದೆ, ಮೊದಲ ವರ್ಷ ಬಿದ್ದರೆ, ಕೊನೆಯಲ್ಲಿ ಬಿದ್ದರೆ.

"ಪಾಸ್‌ವರ್ಡ್ ಕೊಡೋದಾ ಬೇಡವಾ" ಎಂದು ಇನ್ನೊಬ್ಬರು ಕೇಳಿದ್ದಾರೆ. ಇದರಲ್ಲಿ ಒಮ್ಮತ ಇಲ್ಲ. ದಿನಾ ನೋಡಿದರೆ ಗಾಬರಿ ಹೆಚ್ಚುತ್ತದೆ ಎನ್ನುವವರೂ ಇದ್ದಾರೆ, ನೋಡದಿದ್ದರೆ ಖಾತೆ ತೆರೆದ ಉದ್ದೇಶವೇ ಹೋಯಿತು ಎನ್ನುವವರೂ ಇದ್ದಾರೆ. ಪಾಸ್‌ವರ್ಡ್ ಹಂಚಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ, ಅದನ್ನು ಓದಿಕೊಳ್ಳಿ. ನಾನಾದರೆ ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಕೊಡುತ್ತೇನೆ, ಹಾಕಿದ ಮೊತ್ತ ಮತ್ತು ಇಂದಿನ ಮೌಲ್ಯ ಈ ಎರಡು ಸಾಲನ್ನು ಅವಳೇ ಪೆನ್ನಿನಲ್ಲಿ ಪತ್ರದ ಹಿಂಬದಿಗೆ ಬರೆದುಕೊಳ್ಳಲಿ. ಅಷ್ಟಕ್ಕೆ ಜಾಗ ಬಿಟ್ಟು ಒಂದೇ ಬದಿಗೆ ಬರೆಯಿರಿ.