ಮದುವೆ ಮನೆಯ ಬೆಳಗಿನ ತಿಂಡಿಗೆ ಮುನ್ನೂರು ಮೊಟ್ಟೆ

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಮಗಳ ಮದುವೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ 300 ಜನರಿಗೆ ತಿಂಡಿ. ತಲಾ ಒಂದು ಬೇಯಿಸಿದ ಮೊಟ್ಟೆ, ಜೊತೆಗೆ ಬುರ್ಜಿ. ಎರಡನ್ನೂ ಹಿಂದಿನ ರಾತ್ರಿಯೇ ಮಾಡಿಟ್ಟುಕೊಂಡರೆ ಆಗುವುದೇ?

ಉತ್ತರ: ಬೇಡ. ಬೇಯಿಸಿದ ಮೊಟ್ಟೆ ಫ್ರಿಜ್ಜಿನಲ್ಲಿ ವಾರದವರೆಗೂ ಕೆಡುವುದಿಲ್ಲ ಎಂಬುದು ನಿಜವೇ ಆದರೂ, ಬಿಸಿ ಆರದ ಮುನ್ನೂರು ಮೊಟ್ಟೆಗಳನ್ನು ಮನೆಯ ಫ್ರಿಜ್ಜಿಗೆ ತುಂಬಿದರೆ ಫ್ರಿಜ್ಜೇ ಬಿಸಿಯಾಗಿ, ನಡುವೆ ಇರುವವು ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತವೆ. ಬೇಯುವಾಗ ಸಿಪ್ಪೆಯ ಮೇಲಿನ ರಕ್ಷಣೆಯ ಪದರ ಹೋಗಿಬಿಡುವುದರಿಂದ, ಆ ಬೆಚ್ಚನೆಯಲ್ಲಿ ಹೊರಗಿನ ರೋಗಾಣುಗಳಿಗೆ ಒಳಹೋಗುವುದು ಸುಲಭ.

ನೂರು ನೂರರಂತೆ ಮೂರು ಸರದಿ ಮಾಡಿ, ಮೊದಲನೆಯದನ್ನು ಆರೂವರೆಗೆ, ಉಳಿದವನ್ನು ಮುಕ್ಕಾಲು ಗಂಟೆಯ ಅಂತರದಲ್ಲಿ ಒಲೆಗೇರಿಸಿ. ಪ್ರತಿ ಸರದಿಯೂ ಬೆಂದ ಎರಡು ಗಂಟೆಯೊಳಗೆ ಎಲೆಗೆ ಬೀಳಬೇಕು. ಒಂದೇ ಕೊಪ್ಪರಿಗೆಗೆ ನೂರನ್ನೂ ಸುರಿದರೆ ಕುದಿ ನಿಂತುಹೋಗಿ ಅಡಿಯವು ಬೆಂದು ನಡುವಿನವು ಹಸಿಯಾಗುತ್ತವೆ, ಆದ್ದರಿಂದ ಎರಡು ಪಾತ್ರೆಗಳಿಗೆ ಹಂಚಿ. ನೀರು ಮತ್ತೆ ಕುದಿ ಹಿಡಿದ ಮೇಲೆ ಬಯಲುಸೀಮೆಯಲ್ಲಿ 12 ನಿಮಿಷ ಸಾಕಾದರೆ, ನಿಮ್ಮಲ್ಲಿ 14 ನಿಮಿಷ ಕೊಡಿ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ನಡುವಿನದೊಂದನ್ನು ಕೊಯ್ದು ನೋಡಿ: ಹಳದಿ ಎಲ್ಲೂ ಜಿನುಗದೆ ಪುಡಿಯಾಗುವಂತಿರಬೇಕು. ಕೂಡಲೇ ತಣ್ಣೀರಿಗೆ ಹಾಕಿ, ನೀರನ್ನು ಎರಡು ಬಾರಿ ಬದಲಿಸಿ. ಬಿಸಿನೀರಲ್ಲೇ ಬಿಟ್ಟರೆ ಹಳದಿಯ ಸುತ್ತ ಹಸಿರು ಬಳೆ ಕಟ್ಟುತ್ತದೆ. ಅದರಿಂದ ಅಪಾಯವಿಲ್ಲ, ನೋಟ ಕೆಡುತ್ತದೆ ಅಷ್ಟೇ. ವಾರ ಹಳೆಯದಾದ ಮೊಟ್ಟೆ ತಂದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ.

ಬುರ್ಜಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಕೆಟ್ಟಿಗೆ ನೇರವಾಗಿ ಒಡೆದು ಸೇರಿಸುವ ರೂಢಿಯಲ್ಲಿ ಒಂದು ಕೆಟ್ಟ ಮೊಟ್ಟೆ ಇಡೀ ಬಕೆಟ್ಟನ್ನು ಹಾಳು ಮಾಡುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಸಣ್ಣ ಬಟ್ಟಲಿಗೆ ಒಡೆದು ನೋಡಿ ಸುರಿಯಿರಿ. ಈರುಳ್ಳಿ, ಟೊಮೆಟೊ ಒಗ್ಗರಣೆಯನ್ನು ಮುಂಜಾನೆಯೇ ಮಾಡಿ ಬಿಸಿಯಾಗಿಟ್ಟುಕೊಂಡು, ಒಂದು ಬಾಣಲೆಗೆ ಮೂವತ್ತು ಮೊಟ್ಟೆಯಂತೆ, ಜನ ಬಂದಂತೆ ಕೆದಕಿ. ಇಳಿಸಿದ ಮೇಲೆ ತನ್ನ ಬಿಸಿಗೇ ಬೇಯಲಿ ಎಂದು ಒದ್ದೆಯಾಗಿ ಇಳಿಸುವುದು ತಪ್ಪು. ಸೌಟು ಎಳೆದ ಜಾಡಿನಲ್ಲಿ ಹಸಿ ದ್ರವ ಕಾಣಬಾರದು, ಥರ್ಮಾಮೀಟರ್ ಇದ್ದರೆ ನಡುವೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು.

ಬಡಿಸುವ ಕಡೆ ಇದು 60 ಡಿಗ್ರಿಗಿಂತ ಕೆಳಗಿಳಿಯಬಾರದು. ಚೇಫಿಂಗ್ ಡಿಶ್ ಬಿಸಿಯನ್ನು ಉಳಿಸುತ್ತದೆಯೇ ಹೊರತು ಆರಿದ್ದನ್ನು ಬಿಸಿ ಮಾಡುವುದಿಲ್ಲ, ಹಾಗಾಗಿ ಅದರ ಕೆಳಗಿನ ನೀರಿನಿಂದ ಹಬೆ ಏಳಲು ತೊಡಗಿದ ಮೇಲೆಯೇ ಬುರ್ಜಿ ಹಾಕಿ. ಮುಗಿಯುತ್ತಾ ಬಂದ ತಟ್ಟೆಗೆ ಹೊಸದನ್ನು ಸುರಿಯದೆ, ತಟ್ಟೆಯನ್ನೇ ಬದಲಿಸಿ. ಒಂಬತ್ತೂವರೆಗೆ ತಟ್ಟೆಯಲ್ಲಿ ಉಳಿದದ್ದನ್ನು ಅಡುಗೆಯವರ ಮಧ್ಯಾಹ್ನದ ಊಟಕ್ಕೆಂದು ಎತ್ತಿಡಬೇಡಿ, ಎಸೆದುಬಿಡಿ.